ಬಡ್ಡಿಗೂ ತೆರಿಗೆಗೂ ಮೊದಲಿನ ಲೆಕ್ಕ

1973ರಲ್ಲಿ ಜಾನ್ ಮಲೋನ್ ಅಮೆರಿಕದ ಟಿಸಿಐ ಎಂಬ ಕೇಬಲ್ ಟಿವಿ ಕಂಪನಿಯ ಹೊಣೆ ಹೊತ್ತಾಗ ಅದು ಸಾಲದಲ್ಲಿ ಮುಳುಗಿತ್ತು. ಕೇಬಲ್ ವ್ಯವಹಾರದ ಸ್ವಭಾವವೇ ಅಂಥದ್ದು. ಊರೆಲ್ಲ ತಂತಿ ಎಳೆಯಲು ಮೊದಲೇ ಭಾರೀ ಹಣ ಸುರಿಯಬೇಕು. ಆಮೇಲೆ ಮನೆಮನೆಯಿಂದ ತಿಂಗಳು ತಿಂಗಳು ಚಂದಾ ಬರುತ್ತದೆ. ಹಾಕಿದ ಹಣಕ್ಕೆ ಬಡ್ಡಿ ಕಟ್ಟಿ, ತಂತಿಯ ಸವಕಳಿಯನ್ನು ಖರ್ಚಿಗೆ ಬರೆದ ಮೇಲೆ ಲಾಭದ ಕಾಲಂನಲ್ಲಿ ಏನೂ ಉಳಿಯುವುದಿಲ್ಲ. ಆದರೆ ಚಂದಾ ಹಣ ಮಾತ್ರ ತಪ್ಪದೆ ಬರುತ್ತಲೇ ಇರುತ್ತದೆ. ಹೂಡಿಕೆದಾರರು ನಿವ್ವಳ ಲಾಭವನ್ನು ಬಿಟ್ಟು ಆ ಹಣದ ಹರಿವನ್ನು ನೋಡಬೇಕು ಎಂದು ಮಲೋನ್ ಪಟ್ಟು ಹಿಡಿದರು. ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮೊದಲಿನ ಗಳಿಕೆ, ಅಂದರೆ ಎಬಿಟ್ಡಾ, ಹಣಕಾಸು ಲೋಕದ ದಿನಬಳಕೆಯ ಮಾತಾಗಿದ್ದು ಹೆಚ್ಚಾಗಿ ಅವರಿಂದಲೇ. ಬ್ರ್ಯಾಂಡ್, ಲೈಸೆನ್ಸ್, ಪೇಟೆಂಟ್‌ಗಳಂಥ ಕಣ್ಣಿಗೆ ಕಾಣದ ಆಸ್ತಿಗಳಿಗೆ ಕೊಟ್ಟ ಬೆಲೆಯನ್ನೂ ಸವಕಳಿಯಂತೆ ವರ್ಷಗಳಿಗೆ ಹಂಚಿ ಬರೆಯುತ್ತಾರೆ. ಎಬಿಟ್ಡಾ ಲೆಕ್ಕದಲ್ಲಿ ಅದನ್ನೂ ಕಳೆಯುವುದಿಲ್ಲ.

ಇಷ್ಟೆಲ್ಲ ಖರ್ಚನ್ನು ಬದಿಗಿಟ್ಟರೆ ಉಳಿಯುವ ಅಂಕಿ ಏನನ್ನು ಹೇಳುತ್ತದೆ? ಒಂದು ಕಲ್ಪಿತ ಉದಾಹರಣೆ ನೋಡೋಣ. ಕೈಗಾರಿಕಾ ಪ್ರದೇಶವೊಂದರಲ್ಲಿ ಅಕ್ಕಪಕ್ಕದಲ್ಲೇ ರಟ್ಟಿನ ಪೆಟ್ಟಿಗೆ ಮಾಡುವ ಎರಡು ಘಟಕಗಳಿವೆ. ಎರಡರದ್ದೂ ವರ್ಷಕ್ಕೆ 10 ಕೋಟಿ ರೂಪಾಯಿ ವಹಿವಾಟು. ಕಾಗದ, ಅಂಟು, ಕರೆಂಟು, ಕೂಲಿ, ಸಾಗಣೆ ಎಲ್ಲ ಸೇರಿ ಎರಡಕ್ಕೂ 8 ಕೋಟಿ ಖರ್ಚು. ಹಾಗಾಗಿ ಎಬಿಟ್ಡಾ ಎರಡರಲ್ಲೂ 2 ಕೋಟಿ.

ಮೊದಲ ಘಟಕದ ಮಾಲೀಕರು ಸ್ವಂತ ಹಣದಲ್ಲೇ ನಡೆಸುತ್ತಿದ್ದಾರೆ, ಸಾಲವಿಲ್ಲ. ಯಂತ್ರಗಳು ಹಳೆಯವು, ಸವಕಳಿ ವರ್ಷಕ್ಕೆ 30 ಲಕ್ಷ ಮಾತ್ರ. ತೆರಿಗೆಗೆ ಮುಂಚಿನ ಲಾಭ 1.7 ಕೋಟಿ. ಎರಡನೆಯವರು 8 ಕೋಟಿ ಸಾಲ ತಂದು ಹೊಸ ಯಂತ್ರ ಕೂಡಿಸಿದ್ದಾರೆ. ಶೇ 11ರಂತೆ ಬಡ್ಡಿ 88 ಲಕ್ಷ, ಸವಕಳಿ 1 ಕೋಟಿ. ಅವರ ಲಾಭ 12 ಲಕ್ಷಕ್ಕೆ ಇಳಿಯುತ್ತದೆ. ಲಾಭವನ್ನಷ್ಟೇ ನೋಡಿದವರಿಗೆ ಎರಡನೆಯ ಘಟಕ ಸೊರಗಿದಂತೆ ಕಂಡೀತು. ನಿಜವಾಗಿ ಎರಡೂ ಕಡೆ ಪೆಟ್ಟಿಗೆ ಮಾಡಿ ಮಾರುವ ಕೆಲಸದಿಂದ ಬರುತ್ತಿರುವ ಹಣ ಒಂದೇ.

ಕೊಳ್ಳಲು ಬಂದವರಿಗೆ ಈ ಸಮಾನತೆಯೇ ಮುಖ್ಯ. ಹಳೆಯ ಮಾಲೀಕರು ಎಲ್ಲಿಂದ ಸಾಲ ತಂದರು, ಯಾವ ದರದಲ್ಲಿ ಸವಕಳಿ ಬರೆದರು, ಹಿಂದಿನ ನಷ್ಟ ತೋರಿಸಿ ಎಷ್ಟು ತೆರಿಗೆ ಉಳಿಸಿದರು ಎಂಬುದೆಲ್ಲ ಘಟಕ ಕೈಬದಲಾದ ಮೇಲೆ ಹಾಗೇ ಉಳಿಯುವುದಿಲ್ಲ. ಅದಕ್ಕೇ ಬೆಲೆಯ ಮಾತು ಎಬಿಟ್ಡಾದ ಇಷ್ಟು ಪಟ್ಟು ಎಂದು ಶುರುವಾಗುತ್ತದೆ. ಆರು ಪಟ್ಟು ಎಂದು ಒಪ್ಪಿದರೆ ಎರಡೂ ಘಟಕಗಳಿಗೆ 12 ಕೋಟಿ ಬೆಲೆ. ಆದರೆ ಇದು ಇಡೀ ವ್ಯವಹಾರದ ಬೆಲೆ, ಮಾಲೀಕರ ಕೈಗೆ ಬರುವ ಹಣವಲ್ಲ. ಎರಡನೆಯವರ 8 ಕೋಟಿ ಸಾಲ ಇದರಲ್ಲೇ ತೀರಬೇಕು. ಅವರಿಗೆ ಉಳಿಯುವುದು 4 ಕೋಟಿ. ಕಂಪನಿಯೊಂದು ನೂರಾರು ಕೋಟಿಗೆ ಮಾರಾಟವಾಯಿತು ಎಂಬ ಸುದ್ದಿ ಓದುವಾಗ ಈ ವ್ಯತ್ಯಾಸ ನೆನಪಿನಲ್ಲಿದ್ದರೆ ಒಳ್ಳೆಯದು.

ಸಾಲ ಕೊಡುವವರ ಕಣ್ಣು ಬೇರೆ ಕಡೆ ಇರುತ್ತದೆ. ಬ್ಯಾಂಕಿನ ಬಡ್ಡಿ ಸಲ್ಲುವುದು ತೆರಿಗೆಗೆ ಮೊದಲು. ಸವಕಳಿ ಪುಸ್ತಕದಲ್ಲಿ ಬರೆಯುವ ಖರ್ಚು, ಆ ವರ್ಷ ಅದಕ್ಕಾಗಿ ಯಾರಿಗೂ ಹಣ ಎಣಿಸಿ ಕೊಡುವುದಿಲ್ಲ. ಹಾಗಾಗಿ ಕಂತು ಕಟ್ಟಲು ಲಭ್ಯವಿರುವ ಹಣದ ಮೊದಲ ಅಂದಾಜು ಎಬಿಟ್ಡಾದಿಂದಲೇ ಸಿಗುತ್ತದೆ. ಎರಡನೆಯ ಘಟಕದ ಸಾಲ ಅದರ ಎಬಿಟ್ಡಾದ ನಾಲ್ಕು ಪಟ್ಟು. ಎಂಟು ವರ್ಷದಲ್ಲಿ ತೀರಿಸುವುದಾದರೆ ಅಸಲು ವರ್ಷಕ್ಕೆ 1 ಕೋಟಿ, ಬಡ್ಡಿ 88 ಲಕ್ಷ, ಒಟ್ಟು 1.88 ಕೋಟಿ ಕಟ್ಟಬೇಕು. ಸುಮಾರು 3 ಲಕ್ಷ ತೆರಿಗೆ ಹೋದರೆ ಕೈಯಲ್ಲಿರುವುದು 1.97 ಕೋಟಿ. ಇದನ್ನು 1.88ರಿಂದ ಭಾಗಿಸಿದರೆ 1.05. ಬ್ಯಾಂಕಿನವರು ಡಿಎಸ್‌ಸಿಆರ್ ಎನ್ನುವ ಅನುಪಾತ ಇದೇ.

1.05 ಎಂದರೆ ಕತ್ತಿಯ ಅಂಚಿನ ನಡಿಗೆ. ಕಾಗದದ ಬೆಲೆ ಏರಿ ಎಬಿಟ್ಡಾ ಹತ್ತು ಪಾಲಿನಲ್ಲಿ ಒಂದು ಪಾಲು ಕುಸಿದರೂ 1.8 ಕೋಟಿ ಉಳಿಯುತ್ತದೆ, ಕಟ್ಟಬೇಕಾದ್ದು 1.88 ಕೋಟಿ. ಕಂತು ತಪ್ಪುತ್ತದೆ. ಕೊರೊನಾ ಕಾಲದಲ್ಲಿ ಕಷ್ಟಕ್ಕೆ ಸಿಕ್ಕ ಕಂಪನಿಗಳ ಸಾಲ ಮರುಹೊಂದಿಸಲು ರಿಸರ್ವ್ ಬ್ಯಾಂಕ್ 2020ರಲ್ಲಿ ಮಂಗಳೂರಿನವರೇ ಆದ ಕೆ.ವಿ. ಕಾಮತ್ ಅವರ ನೇತೃತ್ವದಲ್ಲಿ ಸಮಿತಿ ರಚಿಸಿತ್ತು. ಸಮಿತಿ 26 ವಲಯಗಳಿಗೆ ಸೂಚಿಸಿದ ಐದು ಅನುಪಾತಗಳಲ್ಲಿ ಒಟ್ಟು ಸಾಲ ಎಬಿಟ್ಡಾದ ಎಷ್ಟು ಪಟ್ಟು ಎಂಬುದೂ ಒಂದು. ಸಾಲದ ಅವಧಿಯ ಸರಾಸರಿ ಡಿಎಸ್‌ಸಿಆರ್ ಕನಿಷ್ಠ 1.2 ಇರಬೇಕೆಂದು ಆಗ ಕೇಳಿದ್ದು, ಇಂಥ ಸಣ್ಣ ಏರುಪೇರಿಗೆ ಜಾಗ ಉಳಿಯಲಿ ಎಂದೇ.

ಇನ್ನು ಮೊದಲ ಘಟಕದ ಹಳೆಯ ಯಂತ್ರಗಳ ವಿಷಯ. ಎರಡು ವರ್ಷದಲ್ಲಿ ಅವನ್ನು ಬದಲಿಸಲು 3 ಕೋಟಿ ಬೇಕು ಎಂದಾದರೆ, ಎರಡೂ ಘಟಕಗಳಿಗೆ ಒಂದೇ ಬೆಲೆ ಕಟ್ಟಿದವರು ಮೋಸ ಹೋದಂತೆ. ವಾರೆನ್ ಬಫೆಟ್ ಬಹಳ ವರ್ಷಗಳಿಂದ ಎಬಿಟ್ಡಾವನ್ನು ಟೀಕಿಸುತ್ತ ಬಂದಿರುವುದೂ ಇದೇ ಕಾರಣಕ್ಕೆ. ಸವಕಳಿ ಸುಮ್ಮನೆ ಬರೆಯುವ ಅಂಕಿಯಲ್ಲ, ಮೊದಲೇ ಕೊಟ್ಟ ಹಣ, ಮತ್ತೆ ಕೊಡಲೇಬೇಕಾದ ಹಣ. ಯಂತ್ರ ಬೇಗ ಸವೆಯುವ ಉದ್ಯಮಗಳಲ್ಲಿ ಅವರ ಮಾತು ಪೂರ್ತಿ ಸರಿ.

ಇದಕ್ಕಿಂತ ದೊಡ್ಡ ಅಪಾಯ ಯಾವುದು ಖರ್ಚು, ಯಾವುದು ಆಸ್ತಿ ಎಂಬ ಗೆರೆಯಲ್ಲಿದೆ. ಖರ್ಚು ಎಂದು ಬರೆದರೆ ಎಬಿಟ್ಡಾ ಇಳಿಯುತ್ತದೆ. ಅದೇ ಹಣವನ್ನು ಆಸ್ತಿ ಎಂದು ಬರೆದರೆ ಅದು ವರ್ಷಗಳ ಸವಕಳಿಯಾಗಿ ಹಂಚಿಹೋಗುತ್ತದೆ, ಎಬಿಟ್ಡಾಕ್ಕೆ ತಾಗುವುದೇ ಇಲ್ಲ. ಅಮೆರಿಕದ ದೂರವಾಣಿ ಕಂಪನಿ ವರ್ಲ್ಡ್‌ಕಾಮ್ ಮಾಡಿದ್ದು ಇದನ್ನೇ. ಬೇರೆ ಕಂಪನಿಗಳ ಜಾಲ ಬಳಸಿದ್ದಕ್ಕೆ ಕೊಡುವ ಶುಲ್ಕ ಅದರ ಅತಿ ದೊಡ್ಡ ಖರ್ಚು. ಬಾಡಿಗೆಯಂತೆ ಆಯಾ ತಿಂಗಳಿಗೇ ಮುಗಿದುಹೋಗುವಂಥದ್ದು. 2001ರಲ್ಲಿ ಅದರಲ್ಲಿ 305 ಕೋಟಿ ಡಾಲರ್‌ಗೂ ಹೆಚ್ಚಿನ ಮೊತ್ತವನ್ನು, 2002ರ ಮೊದಲ ಮೂರು ತಿಂಗಳಲ್ಲಿ ಇನ್ನೂ ಸುಮಾರು 80 ಕೋಟಿ ಡಾಲರನ್ನು ಆಸ್ತಿಯ ಖಾತೆಗೆ ಸಾಗಿಸಲಾಗಿತ್ತು. ಆಂತರಿಕ ಲೆಕ್ಕಪರಿಶೋಧನೆಯ ಮುಖ್ಯಸ್ಥೆ ಸಿಂಥಿಯಾ ಕೂಪರ್ ಮತ್ತು ಅವರ ತಂಡ ಆಸ್ತಿಯೆಂದು ತೋರಿಸಿದ ನಮೂದುಗಳಿಗೆ ದಾಖಲೆ ಕೇಳಿದಾಗ ಯಾರ ಬಳಿಯೂ ಉತ್ತರವಿರಲಿಲ್ಲ. ಜೂನ್ 25ರಂದು ಕಂಪನಿ ಸತ್ಯ ಒಪ್ಪಿಕೊಂಡಿತು, ತೋರಿಸಿದ್ದ ಲಾಭ ನಷ್ಟಕ್ಕೆ ತಿರುಗಿತು. ಜುಲೈ 21ಕ್ಕೆ ಅದು ದಿವಾಳಿ ಅರ್ಜಿ ಹಾಕಿತು.

ಹೊರಗಿನವರಿಗೆ ಇದು ಗೊತ್ತಾಗುವ ದಾರಿ ಇದೆಯೇ? ಒಂದು ಮಟ್ಟಿಗೆ ಇದೆ. ಖರ್ಚನ್ನು ಯಾವ ಖಾತೆಯಲ್ಲಿ ಬರೆದರೂ ಹಣ ಹೊರಗೆ ಹೋಗಿಯೇ ಹೋಗುತ್ತದೆ. ವ್ಯವಹಾರದಿಂದ ಬಂದ ನಗದಿನಲ್ಲಿ ಆಸ್ತಿಗೆ ಹಾಕಿದ ಹಣವನ್ನು ಕಳೆದು ಉಳಿಯುವ ಮೊತ್ತ ಈ ಕೈಚಳಕದಿಂದ ಬದಲಾಗುವುದಿಲ್ಲ. ಎಬಿಟ್ಡಾ ಚೆನ್ನಾಗಿದ್ದೂ ಆ ಮೊತ್ತ ವರ್ಷವರ್ಷವೂ ಸೊರಗುತ್ತಿದ್ದರೆ, ಆ ಆಸ್ತಿಗಳು ಯಾವುವು ಎಂದು ಅನುಭವಿ ಸಾಲದ ಅಧಿಕಾರಿ ಕೇಳುತ್ತಾರೆ; ಯಂತ್ರ ನೋಡಲು ಖುದ್ದಾಗಿ ಹೋಗುತ್ತಾರೆ.

ಯಾವ ಮೋಸವೂ ಇಲ್ಲದೆ ಎಬಿಟ್ಡಾ ಉಬ್ಬುವುದೂ ಉಂಟು. ಭಾರತದಲ್ಲಿ ದೊಡ್ಡ ಕಂಪನಿಗಳಿಗೆ 2019ರ ಏಪ್ರಿಲ್‌ನಿಂದ ಜಾರಿಗೆ ಬಂದ ಲೆಕ್ಕಪದ್ಧತಿಯ ಪ್ರಕಾರ ದೀರ್ಘಾವಧಿಯ ಬಾಡಿಗೆಯ ಬಹುಪಾಲನ್ನು ಸವಕಳಿ ಮತ್ತು ಬಡ್ಡಿಯಾಗಿ ಒಡೆದು ತೋರಿಸಬೇಕು. ಬಾಡಿಗೆ ಕಟ್ಟಡಗಳಲ್ಲಿ ನಡೆಯುವ ಅಂಗಡಿ ಸರಣಿಗಳ, ಚಿತ್ರಮಂದಿರಗಳ ಎಬಿಟ್ಡಾ ಒಂದೇ ವರ್ಷದಲ್ಲಿ ಏರಿದಂತೆ ಕಂಡಿತು. ಕಟ್ಟಡದ ಮಾಲೀಕರಿಗೆ ಹೋಗುವ ಬಾಡಿಗೆ ಮಾತ್ರ ಒಂದು ರೂಪಾಯಿಯೂ ಕಡಿಮೆಯಾಗಿರಲಿಲ್ಲ. ಅಂಥ ಕಂಪನಿಯ 2019ರ ಮಾರ್ಚ್‌ವರೆಗಿನ ಲೆಕ್ಕವನ್ನು ಆಮೇಲಿನದರ ಜೊತೆ ಹೋಲಿಸುವವರು ಬಾಡಿಗೆಯನ್ನು ಮೊದಲು ಕಳೆದುಕೊಳ್ಳಬೇಕಾಗುತ್ತದೆ.