‘ನಿಮ್ಮ ಬಗ್ಗೆ ಹೇಳ್ರಿ’: ಕೆಲಸ ಬದಲಿಸುವವರ ಮೊದಲ ಉತ್ತರ

ಸಂದರ್ಶನದಲ್ಲಿ ‘ನಿಮ್ಮ ಬಗ್ಗೆ ಸ್ವಲ್ಪ ಹೇಳ್ರಿ’ ಎಂದು ಕೇಳುವಾಗ ಅಭ್ಯರ್ಥಿಯ ಬಯೋಡಾಟಾ ಕೇಳುವವರ ಮುಂದೆಯೇ ಇರುತ್ತದೆ. ಹೆಸರು, ಊರು, ಓದು ಅದರಲ್ಲಿ ಬರೆದಾಗಿದೆ. ಅದೇ ಕಸುಬಿನಿಂದ ಬಂದವರಾದರೆ ಆ ವಿವರವನ್ನೇ ಕ್ರಮವಾಗಿ ಹೇಳಿದರೂ ನಡೆಯುತ್ತದೆ. ಏಳೆಂಟು ವರ್ಷ ಬೇರೆ ಕೆಲಸದಲ್ಲಿದ್ದು ಬಂದವರ ವಿಷಯದಲ್ಲಿ ಮಾತ್ರ ಕೇಳುವವರ ಮನಸ್ಸಿನಲ್ಲಿ ಮೂರು ಅನುಮಾನ ಮೊದಲೇ ಎದ್ದಿರುತ್ತವೆ: ಇದ್ದ ಕೆಲಸ ಯಾಕೆ ಬಿಡುತ್ತಿದ್ದಾರೆ, ಅಲ್ಲಿ ಕಲಿತದ್ದು ಇಲ್ಲಿ ಉಪಯೋಗಕ್ಕೆ ಬಂದೀತೆ, ಇಲ್ಲಾದರೂ ನಿಲ್ಲುತ್ತಾರೆಯೇ. ಯಾರೂ ಬಾಯಿಬಿಟ್ಟು ಕೇಳದ ಈ ಮೂರಕ್ಕೂ ಮೊದಲ ಉತ್ತರದಲ್ಲೇ ಸಮಾಧಾನ ಸಿಗಬೇಕು.

ಭೀಮಾ ತೀರದ ಕಬ್ಬಿನ ಸೀಮೆಯಿಂದ ಒಂದು ಮಾದರಿ ಕಟ್ಟಿಕೊಂಡು ಇದನ್ನು ನೋಡಬಹುದು. ಅಫಜಲಪುರ ತಾಲ್ಲೂಕಿನ ಹವಳಗಾದಲ್ಲಿ ಸಕ್ಕರೆ ಕಾರ್ಖಾನೆ ಇದೆ. ಆಳಂದ ತಾಲ್ಲೂಕಿನ ಭೂಸನೂರಿನಲ್ಲೂ ಇದೆ. ಇಂಥ ಕಡೆ ‘ಫೀಲ್ಡ್‌ಮನ್’ ಎಲ್ಲ ರೈತರಿಗೂ ಗೊತ್ತಿರುವವನು. ಯಾರ ಹೊಲದಲ್ಲಿ ಯಾವಾಗ ನಾಟಿಯಾಯಿತು, ಯಾವುದು ಕುಳೆ ಎಂದು ದಾಖಲಿಸುವುದು, ಕಬ್ಬು ಹಣ್ಣಾಗಿದೆಯೇ ಎಂದು ಪರೀಕ್ಷಿಸುವುದು, ಕಟಾವಿನ ಸರದಿ ಹೇಳುವುದು, ಕಡಿಯುವ ಟೋಳಿಯನ್ನು ಹೊಲಕ್ಕೆ ಕಳಿಸುವುದು ಅವನ ಕೆಲಸ. ಪದವಿ ಓದಿ ಏಳು ವರ್ಷ ಈ ಕೆಲಸ ಮಾಡಿದ ಒಬ್ಬ ಅಭ್ಯರ್ಥಿ ಕಲಬುರಗಿಯ ಖಾಸಗಿ ಬ್ಯಾಂಕೊಂದರಲ್ಲಿ ಬೆಳೆಸಾಲ ಅಧಿಕಾರಿಯ ಹುದ್ದೆಗೆ ಹೋಗಿದ್ದಾನೆ ಎಂದುಕೊಳ್ಳೋಣ.

ತಯಾರಿ ಇಲ್ಲದೆ ಹೋದವನ ಉತ್ತರ ಸಾಮಾನ್ಯವಾಗಿ ಹುಟ್ಟೂರಿನಿಂದ ಶುರುವಾಗುತ್ತದೆ. ತಂದೆಯ ಕಸುಬು, ಹತ್ತನೆಯ ತರಗತಿಯ ಅಂಕ, ಪದವಿ, ಆಮೇಲೆ ‘ಕಾರ್ಖಾನೆಯಲ್ಲಿ ಏಳು ವರ್ಷ ಇದ್ದೆ, ಬ್ಯಾಂಕಿನಲ್ಲಿ ಕೆಲಸ ಮಾಡಬೇಕೆಂದು ಮೊದಲಿಂದಲೂ ಆಸೆ’. ಇದರಲ್ಲಿ ಸುಳ್ಳಿಲ್ಲ. ಆದರೆ ಏಳು ವರ್ಷ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತವೆ, ಅವಕ್ಕೂ ಬ್ಯಾಂಕಿಗೂ ಏನು ಸಂಬಂಧ ಎಂಬುದು ಎಲ್ಲೂ ಬರುವುದಿಲ್ಲ. ಕೇಳುವವರು ತಾವಾಗಿಯೇ ಆ ಸಂಬಂಧ ಹುಡುಕುತ್ತಾ ಕೂರುವುದಿಲ್ಲ.

ಸಂಬಂಧ ಹುಡುಕುವ ಕೆಲಸ ಮನೆಯಲ್ಲೇ ಆಗಬೇಕು. ಒಂದು ಹಾಳೆಯ ಎಡಕ್ಕೆ ಹಳೆಯ ಕೆಲಸದಲ್ಲಿ ಒಂದು ವಾರ ನಿಜವಾಗಿ ಮಾಡಿದ್ದನ್ನು ಬರೆಯಬೇಕು. ಬಲಕ್ಕೆ ಹೊಸ ಹುದ್ದೆಯವನು ವಾರದಲ್ಲಿ ಏನು ಮಾಡುತ್ತಾನೆ ಎಂಬುದನ್ನು. ಎರಡನೆಯದು ಜಾಹೀರಾತಿನಲ್ಲಿ ಪೂರ್ತಿ ಸಿಗುವುದಿಲ್ಲ, ಆ ಕೆಲಸದಲ್ಲಿರುವ ಒಬ್ಬರನ್ನು ಕೇಳಿ ತಿಳಿಯಬೇಕು. ಬೆಳೆಸಾಲ ಅಧಿಕಾರಿ ಪಹಣಿ ನೋಡುತ್ತಾನೆ, ಹೊಲಕ್ಕೆ ಹೋಗಿ ಬೆಳೆ ನೋಡುತ್ತಾನೆ, ಎಷ್ಟು ಬಂದೀತು, ಸಾಲ ಯಾವಾಗ ತೀರೀತು ಎಂದು ಲೆಕ್ಕ ಹಾಕುತ್ತಾನೆ. ಎಡಗಡೆಯ ‘ಟೋಳಿ ನಡೆಸುವುದು’ ಬಲಕ್ಕೆ ಅಷ್ಟಾಗಿ ಹೊಂದುವುದಿಲ್ಲ. ‘ರೈತರ ಪರಿಚಯ’ ಹೊಂದುತ್ತದೆ, ಆದರೆ ಅದನ್ನು ಯಾರು ಬೇಕಾದರೂ ಹೇಳಿಕೊಳ್ಳಬಹುದು. ಎರಡೂ ಕಡೆ ಒಂದೇ ಹೆಸರಿನಲ್ಲಿ ನಡೆಯುವ ಕೆಲಸ ಒಂದಿದೆ: ಅಂದಾಜು. ಕಡಿಯುವ ಮೊದಲೇ ಹೊಲದಲ್ಲಿ ಎಷ್ಟು ಟನ್ ಇದೆ ಎಂದು ಫೀಲ್ಡ್‌ಮನ್ ಬರೆದು ಕೊಡುತ್ತಾನೆ. ಆಮೇಲೆ ಕಾರ್ಖಾನೆಯ ಕಾಟಾದ ಚೀಟಿ ಅದು ಸರಿಯೋ ತಪ್ಪೋ ಎಂದು ತೋರಿಸುತ್ತದೆ. ಉತ್ತರವನ್ನು ಇದರ ಮೇಲೆ ಕಟ್ಟಬಹುದು:

‘ಸರ್, ನಾನು ಏಳು ವರ್ಷದಿಂದ ಹವಳಗಾ ಭಾಗದಾಗ ಕಬ್ಬಿನ ಫೀಲ್ಡ್‌ಮನ್ ಕೆಲಸ ಮಾಡ್ಲಿಕತ್ತೀನ್ರಿ. ಆರು ಹಳ್ಳಿ, ಸುಮಾರು ನಾನೂರು ರೈತರ ಹೊಲ ನನ್ನ ಕಡೆ ಅದಾವ್ರಿ. ಕಡಿಯೋಕಿಂತ ಮೊದಲು ಎಕರೆಗೆ ಎಷ್ಟು ಟನ್ ಬರ್ತದ ಅಂತ ಬರಕೊಡೋದು ನನ್ನ ಮುಖ್ಯ ಕೆಲಸ. ಹೋದ ಹಂಗಾಮಿನಾಗ ನನ್ನ ಅಂದಾಜಿಗೂ ಕಾಟಾದ ತೂಕಕ್ಕೂ ಹೆಚ್ಚಿನ ಹೊಲದಾಗ ಹತ್ತಕ್ಕೆ ಒಂದಕ್ಕಿಂತ ಜಾಸ್ತಿ ಫರಕ ಬರಲಿಲ್ರಿ. ಸಾಲಗಾರ ರೈತರ ಬಿಲ್ಲಿನಿಂದ ಕಂತು ಮುರಕೊಳ್ಳೋ ಯಾದಿನೂ ನಾವೇ ತಾಳೆ ನೋಡ್ತಿದ್ವಿ; ಯಾವ ಸಾಲ ತೀರ್ತದ, ಯಾವುದು ತೀರಂಗಿಲ್ಲ ಅನ್ನೋದು ಬೆಳೆ ನೋಡಿದ್ರ ಮೊದಲೇ ತಿಳೀತದ ಅಂತ ಅಲ್ಲೇ ಕಲ್ತೆ. ಅದಕ್ಕ ಆ ಅಂದಾಜನ್ನ ಸಾಲ ಕೊಡೋ ಕಡೆಯಿಂದ ಮಾಡಬೇಕಂತ ಈ ಹುದ್ದೆಗೆ ಅರ್ಜಿ ಹಾಕೀನಿ. ತೊಗರಿ ಬೆಳೆಯಾಗ ನನಗ ಕಬ್ಬಿನಷ್ಟು ಅನುಭವ ಇಲ್ಲ. ಎರಡು ತಿಂಗಳಿಂದ ನಮ್ಮ ಊರ ಸೊಸೈಟಿ ಕಾರ್ಯದರ್ಶಿ ಕಡೆ ಕುಂತು ತೊಗರಿ ಸಾಲದ ಕಾಗದ ಓದ್ಲಿಕತ್ತೀನ್ರಿ.’

ನಿಧಾನವಾಗಿ ಹೇಳಿದರೂ ಇದು ಒಂದೂವರೆ ನಿಮಿಷದೊಳಗೆ ಮುಗಿಯುತ್ತದೆ. ಎರಡು ನಿಮಿಷ ದಾಟಿದರೆ ಕೇಳುವವರ ಗಮನ ಮತ್ತೆ ಬಯೋಡಾಟಾದ ಕಡೆಗೆ ಹೋಗುತ್ತದೆ. ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಂಡರೆ ಸಮಯವೂ ಗೊತ್ತಾಗುತ್ತದೆ, ಉರುಹೊಡೆದ ಧಾಟಿ ಇದ್ದರೆ ಅದೂ ಕೇಳಿಸುತ್ತದೆ. ಕ್ರಮ ಸರಳ: ಈಗ ಮಾಡುತ್ತಿರುವ ಕೆಲಸ, ಅದರಲ್ಲಿ ಪರೀಕ್ಷಿಸಿ ನೋಡಬಹುದಾದ ಒಂದು ಫಲ, ಅದರಿಂದಲೇ ಹುಟ್ಟಿದ ಬದಲಾವಣೆಯ ಕಾರಣ, ಕೊನೆಗೆ ಕೊರತೆ ಮತ್ತು ಅದಕ್ಕೆ ಮಾಡುತ್ತಿರುವ ಪ್ರಯತ್ನ. ಊರು, ಮನೆತನ, ಅಂಕಗಳಿಗೆ ಇಲ್ಲಿ ಜಾಗವಿಲ್ಲ. ಬೇಕಾದರೆ ಅವರೇ ಕೇಳುತ್ತಾರೆ.

ಕಾರಣ ಹೇಳುವಲ್ಲಿ ಹೆಚ್ಚಿನವರು ಎಡವುತ್ತಾರೆ. ಹಂಗಾಮಿನಲ್ಲಿ ಹಗಲು ರಾತ್ರಿ ದುಡಿತ, ಸಂಬಳ ಸಾಲದು, ಮೇಲಿನವರ ಕಿರಿಕಿರಿ: ಇವೆಲ್ಲ ನಿಜವಿದ್ದರೂ ಮೊದಲ ಉತ್ತರದಲ್ಲಿ ಬಂದರೆ ಈ ವ್ಯಕ್ತಿ ಬ್ಯಾಂಕಿಗೆ ಬರುತ್ತಿಲ್ಲ, ಕಾರ್ಖಾನೆಯಿಂದ ಓಡುತ್ತಿದ್ದಾನೆ ಎಂದು ಅನ್ನಿಸುತ್ತದೆ. ‘ಯಾವ ಕೆಲಸ ಕೊಟ್ಟರೂ ಮಾಡುತ್ತೇನೆ’ ಎಂಬ ಮಾತೂ ಇಲ್ಲಿಯೂ ನಿಲ್ಲುವುದಿಲ್ಲವೇನೋ ಎಂಬ ಅನುಮಾನವನ್ನೇ ಬೆಳೆಸುತ್ತದೆ. ಕೊರತೆಯನ್ನು ಮುಚ್ಚಿಟ್ಟರೂ ಕಷ್ಟ. ಕಲಬುರಗಿ ತೊಗರಿಯ ಜಿಲ್ಲೆ. ಕಬ್ಬನ್ನಷ್ಟೇ ಬಲ್ಲವನಿಗೆ ಆ ಪ್ರಶ್ನೆ ಬಂದೇ ಬರುತ್ತದೆ. ಅದನ್ನು ಕ್ಷಮೆ ಕೇಳುವ ಧಾಟಿಯಲ್ಲಿ ಹೇಳದೆ, ಒಂದೇ ವಾಕ್ಯದಲ್ಲಿ ತಾನೇ ಮೊದಲು ಹೇಳಿ ಮುಗಿಸುವುದು ಒಳ್ಳೆಯದು.

ಉತ್ತರ ಕೆಲಸ ಮಾಡಿತೋ ಇಲ್ಲವೋ ಎಂಬುದು ಮುಂದಿನ ಪ್ರಶ್ನೆಯಲ್ಲಿ ತಿಳಿಯುತ್ತದೆ. ‘ಸರಿ, ಆದರ ಕಾರ್ಖಾನಿ ಯಾಕ ಬಿಡ್ತೀರಿ?’ ಎಂದು ಬಂದರೆ ಕಾರಣ ಅವರಿಗೆ ಮುಟ್ಟಿಲ್ಲ. ‘ಅಂದಾಜು ಹ್ಯಾಂಗ ಮಾಡ್ತೀರಿ?’ ಎಂದು ಬಂದರೆ ಮಾತು ಅಭ್ಯರ್ಥಿ ಬಲ್ಲ ಜಾಗಕ್ಕೆ ಬಂದಿದೆ. ಆಗ ಅವನು ಲೆಕ್ಕ ಬಿಡಿಸಿ ತೋರಿಸಬಲ್ಲ: ನಾಲ್ಕು ಅಡಿ ಅಂತರದ ಸಾಲಾದರೆ ಎಕರೆಯಲ್ಲಿ 10,890 ಅಡಿ ಉದ್ದದ ಸಾಲು, ಹೊಲದ ನಾಲ್ಕಾರು ಕಡೆ ಎಣಿಸಿ ಹತ್ತು ಅಡಿಗೆ ಸರಾಸರಿ 37 ಗಣೆ ಬಂದರೆ ಎಕರೆಗೆ ನಲವತ್ತು ಸಾವಿರ, ಕಡಿದು ತೂಗಿದ ಗಣೆ ಸರಾಸರಿ ಒಂದು ಕಿಲೋ ಇದ್ದರೆ 40 ಟನ್.

ಹೀಗೆ ಬಿಡಿಸಿ ಹೇಳಲಾಗದ ಸಂಗತಿಯನ್ನು ಮೊದಲ ಉತ್ತರದಲ್ಲಿ ಹೇಳಬಾರದು. ‘ಹತ್ತಕ್ಕೆ ಒಂದು’ ಎಂಬ ಫರಕನ್ನು ಸ್ವಂತ ವಹಿಯಿಂದ ಲೆಕ್ಕ ಹಾಕಿಲ್ಲದಿದ್ದರೆ ಎರಡನೆಯ ಪ್ರಶ್ನೆಗೇ ಸಿಕ್ಕಿಬೀಳಬೇಕಾಗುತ್ತದೆ. ಹುದ್ದೆಗೆ ಕಡ್ಡಾಯವಾದ ಪದವಿಯೋ ವಯಸ್ಸಿನ ಮಿತಿಯೋ ಹೊಂದದಿದ್ದರೆ ಎಂಥ ಉತ್ತರವೂ ಅದನ್ನು ತುಂಬಿಕೊಡಲಾರದು. ಅರ್ಹತೆ ಇದ್ದವನಿಗೆ ಮಾತ್ರ ಈ ಒಂದೂವರೆ ನಿಮಿಷ ಮುಂದಿನ ಅರ್ಧ ಗಂಟೆಯ ಮಾತು ಯಾವ ಹೊಲದಲ್ಲಿ ನಡೆಯಬೇಕು ಎಂಬುದನ್ನು ಗೊತ್ತುಮಾಡುತ್ತದೆ.