ಅಳಿಸಿದ ದನಿ ಕಾರ್ಡಿನಲ್ಲೇ ಇದೆಯೇ?

ಅಮೆರಿಕದ ಅಧ್ಯಕ್ಷ ರಿಚರ್ಡ್ ನಿಕ್ಸನ್ 1972ರ ಜೂನ್ 20ರಂದು ತಮ್ಮ ಆಪ್ತ ಹಾಲ್ಡ್‌ಮನ್ ಜೊತೆ ಆಡಿದ ಮಾತಿನ ಟೇಪಿನಲ್ಲಿ ಹದಿನೆಂಟೂವರೆ ನಿಮಿಷ ಬರೀ ಗುಂಯ್ ಎನ್ನುವ ಸದ್ದಿದೆ. ವಾಟರ್‌ಗೇಟ್ ಹಗರಣದ ಈ ತುಣುಕನ್ನು ಕೇಳಿಸಿಕೊಳ್ಳಲು ಅಲ್ಲಿನ ರಾಷ್ಟ್ರೀಯ ಪತ್ರಾಗಾರ 2001ರಲ್ಲಿ ತಜ್ಞರನ್ನು ಕರೆಯಿತು. ಮೂಲ ಟೇಪನ್ನು ಕೊಡುವ ಮೊದಲು, ಅದೇ ರೀತಿ ಅಳಿಸಿದ ಪರೀಕ್ಷಾ ಟೇಪುಗಳನ್ನು ಅವರ ಕೈಗೆ ಕೊಟ್ಟು ನೋಡಿತು. ಯಾರಿಗೂ ಒಂದು ಮಾತೂ ದಕ್ಕಲಿಲ್ಲ. 2003ರಲ್ಲಿ ಪ್ರಯತ್ನ ನಿಂತಿತು.

ಟೇಪಿನಲ್ಲಿ ಅಳಿಸುವುದೆಂದರೆ ಹಳೆಯ ದನಿಯ ಮೇಲೆ ಹೊಸ ಸದ್ದನ್ನು ಬಳಿಯುವುದು. ಇಂದಿನ ಡಿಜಿಟಲ್ ರೆಕಾರ್ಡರ್ ಅಷ್ಟು ಶ್ರಮ ಪಡುವುದಿಲ್ಲ. ಸಂದರ್ಶನಕ್ಕೋ ಪಾಠದ ಕೊಠಡಿಗೋ ಒಯ್ಯುವ ಅಂಗೈಯಗಲದ ಯಂತ್ರದಲ್ಲಿ ‘ಡಿಲೀಟ್’ ಒತ್ತಿದಾಗ, ಮೆಮೊರಿ ಕಾರ್ಡಿನ ಪಟ್ಟಿಯಲ್ಲಿ ಆ ಕಡತದ ಹೆಸರಿನ ಮೊದಲ ಅಕ್ಷರದ ಜಾಗಕ್ಕೆ ಒಂದು ಗುರುತು ಬೀಳುತ್ತದೆ, ಅದು ಕೂತಿದ್ದ ಜಾಗ ಖಾಲಿ ಎಂದು ದಾಖಲಾಗುತ್ತದೆ. ಪಹಣಿಯಿಂದ ಹೆಸರು ತೆಗೆದರೂ ಹೊಲ ಇದ್ದಲ್ಲೇ ಇರುವ ಹಾಗೆ, ದನಿ ಇದ್ದಲ್ಲೇ ಇರುತ್ತದೆ. ಅದನ್ನು ನಿಜವಾಗಿ ಕೊಲ್ಲುವುದು ಆ ಖಾಲಿ ಜಾಗಕ್ಕೆ ಬಂದು ಕೂರುವ ಮುಂದಿನ ರೆಕಾರ್ಡಿಂಗ್.

ಹಾಗಾಗಿ ತಪ್ಪಾಗಿ ಅಳಿಸಿದ್ದು ಗೊತ್ತಾದ ತಕ್ಷಣ ರೆಕಾರ್ಡರ್ ಆಫ್ ಮಾಡಿ ಕಾರ್ಡ್ ಹೊರತೆಗೆಯಬೇಕು. ‘ಮಷಿನ್ ಸರಿ ಇದೆಯಾ’ ಎಂದು ಹಲೋ ಹಲೋ ಹೇಳಿ ನೋಡುವ ಚಪಲವೇ ಇಲ್ಲಿ ಅತಿ ದುಬಾರಿ. ಎಸ್‌ಡಿ ಕಾರ್ಡಿನ ಪಕ್ಕದಲ್ಲಿರುವ ಪುಟ್ಟ ಲಾಕ್ ಗುಂಡಿಯನ್ನು ಕೆಳಗೆ ಜಾರಿಸಿ ಕಂಪ್ಯೂಟರಿಗೆ ಹಾಕಿದರೆ ಅದರ ಮೇಲೆ ಏನೂ ಬರೆಯದಂತೆ ತಡೆಯಬಹುದು. ಮೈಕ್ರೊ ಎಸ್‌ಡಿ ಆದರೆ ಅಡಾಪ್ಟರಿನಲ್ಲಿ ಆ ಗುಂಡಿ ಇರುತ್ತದೆ. ಕಾರ್ಡಿಲ್ಲದೆ ಒಳಗಿನ ಮೆಮೊರಿಯಲ್ಲೇ ಬರೆಯುವ ರೆಕಾರ್ಡರನ್ನು ಯುಎಸ್‌ಬಿ ತಂತಿಯಲ್ಲಿ ಜೋಡಿಸಿದಾಗ ಅದು ಪೆನ್‌ಡ್ರೈವಿನಂತೆ ಕಾಣಿಸಿಕೊಂಡರೆ, ಮುಂದಿನ ಕೆಲಸ ಅದರಲ್ಲೂ ಆಗುತ್ತದೆ.

ಮೊದಲ ಕೆಲಸ ಹುಡುಕಾಟವಲ್ಲ, ನಕಲು. ಇಡೀ ಕಾರ್ಡನ್ನು, ಖಾಲಿ ಎಂದು ತೋರುವ ಜಾಗವನ್ನೂ ಸೇರಿಸಿ, ಒಂದೇ ಕಡತವಾಗಿ ಇಳಿಸಿಕೊಳ್ಳಬೇಕು. ಇದಕ್ಕೆ ‘ಇಮೇಜ್’ ಎನ್ನುತ್ತಾರೆ. ಲಿನಕ್ಸ್‌ನಲ್ಲಿ ಒಂದು ಸಾಲು ಸಾಕು. ಕಾರ್ಡ್ `sdb` ಎಂದೇ ಕಾಣಿಸುತ್ತಿದೆ ಎಂಬುದನ್ನು ಮಾತ್ರ ಎರಡು ಸಲ ಖಾತ್ರಿ ಮಾಡಿಕೊಳ್ಳಬೇಕು.

```
sudo dd if=/dev/sdb of=card.img bs=4M
```

ಇನ್ನು ಏನೇ ಎಡವಟ್ಟಾದರೂ ಆಗುವುದು ನಕಲಿನ ಮೇಲೆ. ಹುಡುಕಲು ಫ್ರಾನ್ಸಿನ ಕ್ರಿಸ್ತೋಫ್ ಗ್ರೆನಿಯೆ ಬರೆದು ಉಚಿತವಾಗಿ ಕೊಟ್ಟಿರುವ ಎರಡು ಸಾಧನಗಳಿವೆ. ಟೆಸ್ಟ್‌ಡಿಸ್ಕ್ ಅಳಿಸಿದ ಹೆಸರಿನ ಜಾಡು ಹಿಡಿಯುತ್ತದೆ. ಸಿಕ್ಕರೆ ಕಡತ ಹೆಸರು, ತಾರೀಖಿನ ಸಮೇತ ಬರುತ್ತದೆ. ಹೆಸರೇ ಹೋಗಿದ್ದರೆ ಫೋಟೊರೆಕ್. ಹೆಸರಿನಲ್ಲಿ ಫೋಟೊ ಇದ್ದರೂ ಇದು ದನಿಯನ್ನೂ ಹುಡುಕುತ್ತದೆ. ಪಟ್ಟಿಯನ್ನು ನಂಬದೆ, ಕಡತಗಳ ತಲೆಯಲ್ಲಿರುವ ಗುರುತುಗಳನ್ನು ಇಡೀ ಕಾರ್ಡಿನಲ್ಲಿ ಅರಸುತ್ತದೆ. ಇದರಲ್ಲಿ ಹೊಸಬರು ಎಡವುವ ಜಾಗ ಒಂದಿದೆ: ಕಡತದ ಬಗೆಗಳ ಪಟ್ಟಿಯಲ್ಲಿ ವೇವ್ ಎಂದು ಹುಡುಕಿದರೆ ಸಿಗುವುದಿಲ್ಲ, ಅದು `riff` ಎಂಬ ಹೆಸರಿನಡಿ ಇದೆ. ಫೋನುಗಳು ಬಳಸುವ ಎಂ4ಎ ಇರುವುದು `mov` ಅಡಿಯಲ್ಲಿ. ಸಿಕ್ಕಿದ್ದೆಲ್ಲ `recup_dir.1` ಎಂಬ ಫೋಲ್ಡರಿಗೆ ಅಂಕಿಗಳ ಹೆಸರಿನಲ್ಲಿ ಬಂದು ಬೀಳುತ್ತದೆ. ಯಾವುದು ಯಾರ ಸಂದರ್ಶನ ಎಂದು ಕೇಳಿಯೇ ತಿಳಿಯಬೇಕು.

ಕೇಳುವಾಗ ಕಿವಿ ಎಚ್ಚರವಾಗಿರಬೇಕು. ಫೋಟೊರೆಕ್ ಸಾಮಾನ್ಯವಾಗಿ ಕಡತ ಒಂದೇ ಉದ್ದಕ್ಕೆ ಬಿದ್ದಿದೆ ಎಂದುಕೊಂಡು ಎತ್ತುತ್ತದೆ. ಆಗಾಗ ಒಂದೊಂದು ರೆಕಾರ್ಡಿಂಗ್ ಅಳಿಸಿ ಅಲ್ಲಲ್ಲಿ ತೂತು ಬಿದ್ದ ಕಾರ್ಡಿನಲ್ಲಿ ಹೊಸ ಕಡತ ಆ ತೂತುಗಳಲ್ಲಿ ತುಂಡುತುಂಡಾಗಿ ಕೂತಿರುತ್ತದೆ. ಆಗ ಪ್ರೊಫೆಸರರ ಉಪನ್ಯಾಸದ ನಡುವೆ ಹೋದ ತಿಂಗಳ ಯಾವುದೋ ಸಭೆಯ ಗಲಾಟೆ ಥಟ್ಟನೆ ನುಗ್ಗುತ್ತದೆ. ಕಡತ ಕೆಟ್ಟಿದೆ ಎಂದು ಎಸೆಯಬಾರದು. ಉಳಿದ ತುಂಡು ಬೇರೆಡೆ ಇದೆ ಎಂಬ ಸುಳಿವು ಅದು.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಹಿರಿಯ ಕಲಾವಿದರೊಬ್ಬರನ್ನು ಒಂದು ಗಂಟೆ ಮಾತಾಡಿಸಿದ್ದಾಳೆ. 16 ಜಿಬಿ ಕಾರ್ಡು, ಸಿಡಿ ಗುಣಮಟ್ಟದ ವೇವ್ ಕಡತ, ಗಾತ್ರ ಸುಮಾರು 635 ಎಂಬಿ. ಅದನ್ನು ಅಳಿಸಿದಳು, ಗೊತ್ತಿಲ್ಲದೆ ಮತ್ತೆ ಎರಡು ನಿಮಿಷ ಏನೋ ರೆಕಾರ್ಡ್ ಮಾಡಿದಳು. ಹೊಸ ಕಡತ ಹಳೆಯದರ ತಲೆಯ ಮೇಲೇ ಕೂತಿತು ಎನ್ನಿ. ನಷ್ಟವಾದದ್ದು ಸುಮಾರು 21 ಎಂಬಿ, ಅಂದರೆ ಮೊದಲ ಎರಡು ನಿಮಿಷ ಮಾತ್ರ. ಆದರೆ ತಲೆಯ ಗುರುತೂ ಅದರಲ್ಲೇ ಹೋಯಿತು. ಹಾಗಾಗಿ ಫೋಟೊರೆಕ್ ‘ಏನೂ ಇಲ್ಲ’ ಎನ್ನುತ್ತದೆ. ಬಹಳ ಜನ ಕೈಚೆಲ್ಲುವುದು ಇಲ್ಲೇ.

ವೇವ್‌ನಲ್ಲಿ ದನಿ ಸಂಕುಚಿತವಾಗದೆ ಸಾಲಾಗಿ ಬಿದ್ದಿರುತ್ತದೆ. ಆದ್ದರಿಂದ ಉಚಿತ ತಂತ್ರಾಂಶ ಆಡಾಸಿಟಿಯಲ್ಲಿ `File > Import > Raw Data` ಮೂಲಕ ಆ ಇಮೇಜನ್ನೇ ದನಿ ಎಂದು ತೆರೆಯಬಹುದು. 16 ಬಿಟ್, ಸ್ಟೀರಿಯೊ, 44100 ಎಂದು ತುಂಬಬೇಕು. ಇಡೀ ಕಾರ್ಡು ಸುಮಾರು ಇಪ್ಪತ್ತೈದು ಗಂಟೆಯ ‘ಸದ್ದಾಗಿ’ ಹರಡಿಕೊಳ್ಳುತ್ತದೆ, ಕಂಪ್ಯೂಟರಿನಲ್ಲಿ ಧಾರಾಳ ಜಾಗ ಬೇಕು. ಎಲ್ಲವನ್ನೂ ಕೇಳಬೇಕಿಲ್ಲ, ಕಣ್ಣೇ ಸಾಕು: ಎಂಪಿ3, ಚಿತ್ರ ಮುಂತಾದವು ಇಡೀ ಎತ್ತರಕ್ಕೆ ತುಂಬಿದ ಗಟ್ಟಿ ಪಟ್ಟಿಯಾಗಿ ಕಾಣುತ್ತವೆ, ಮನುಷ್ಯರ ಮಾತು ಏರಿಳಿಯುವ ಗಂಟುಗಂಟಾಗಿ, ನಡುನಡುವೆ ಮೌನದ ತೆಳುಗೆರೆಯೊಂದಿಗೆ. ಮಾತಿನಂತೆ ಕಂಡರೂ ಭೋರ್ಗರೆತವೇ ಕೇಳಿಸಿದರೆ ಬೈಟುಗಳ ಜೋಡಣೆ ಒಂದು ಹೆಜ್ಜೆ ತಪ್ಪಿದೆ. ಆರಂಭದ ಸ್ಥಾನ ಕೇಳುವ `Start offset` ಜಾಗದಲ್ಲಿ 0 ಬದಲು 1 ಕೊಟ್ಟು ಮತ್ತೆ ತೆರೆಯಬೇಕು. ಐವತ್ತೆಂಟು ನಿಮಿಷ ಹೀಗೆ ಕೈಗೆ ಬರುತ್ತದೆ. ಎಂಪಿ3 ಆಗಿದ್ದರೆ ಈ ಉಪಾಯ ನಡೆಯದು.

ಹೊಸ ಕಡತ ಕೂತ ಆ ಎರಡು ನಿಮಿಷ ಮಾತ್ರ ನಿಕ್ಸನ್ ಟೇಪಿನ ಪಾಲಿಗೇ ಸೇರಿತು.

ಫೋನಿನ ಕಥೆಯೇ ಬೇರೆ. ಈಗಿನ ಆಂಡ್ರಾಯ್ಡ್ ಮತ್ತು ಐಫೋನುಗಳಲ್ಲಿ ಕಡತಗಳು ಗೂಢಲಿಪಿಯಲ್ಲಿ ಬೀಗ ಹಾಕಿಕೊಂಡು ಕೂತಿರುತ್ತವೆ. ಅಳಿಸಿದಾಗ ಕೀಲಿಯೂ ಹೋಗುತ್ತದೆ, ಖಾಲಿಯಾದ ಜಾಗವನ್ನು ಫೋನೇ ಸಮಯ ನೋಡಿ ಒರೆಸುತ್ತದೆ. ಸಾಲದ್ದಕ್ಕೆ ಒಳಗಿನ ಮೆಮೊರಿ ಕಂಪ್ಯೂಟರಿಗೆ ಪೆನ್‌ಡ್ರೈವಿನಂತೆ ಕಾಣುವುದೂ ಇಲ್ಲ. ಆದ್ದರಿಂದ ‘ಫೋನಿನಿಂದ ಅಳಿಸಿದ ಆಡಿಯೊ ನೂರಕ್ಕೆ ನೂರು ವಾಪಸ್’ ಎನ್ನುವ ಆ್ಯಪಿಗೆ ಹಣ ಕಟ್ಟುವುದು ದಂಡ. ಫೋನಿನಲ್ಲಿ ಅರಸಬೇಕಾದದ್ದು ಅಳಿಸಿದ ಕಡತವನ್ನಲ್ಲ, ಇನ್ನೂ ಪೂರ್ತಿ ಅಳಿಸಿಹೋಗದ್ದನ್ನು.

ಐಫೋನಿನ ವಾಯ್ಸ್ ಮೆಮೊಸ್‌ನಲ್ಲಿ `Recently Deleted` ಫೋಲ್ಡರ್ ಇದೆ; ಬಳಕೆದಾರರು ಬದಲಿಸದಿದ್ದರೆ 30 ದಿನ ಇಟ್ಟುಕೊಳ್ಳುತ್ತದೆ. ಸ್ಯಾಮ್‌ಸಂಗ್ ರೆಕಾರ್ಡರಿನ ಟ್ರ್ಯಾಶ್‌ನಲ್ಲೂ ಹಾಗೇ. ಆಂಡ್ರಾಯ್ಡ್ 11ರಿಂದೀಚೆಗೆ ಇನ್ನೊಂದು ಅಡಗುತಾಣವಿದೆ: ಕೆಲವು ಆ್ಯಪ್‌ಗಳು ಕಡತವನ್ನು ಅಳಿಸುವ ಬದಲು ಅದೇ ಫೋಲ್ಡರಿನಲ್ಲೇ `.trashed-` ಎಂದು ಶುರುವಾಗುವ ಹೆಸರು ಕೊಟ್ಟು ಬಚ್ಚಿಡುತ್ತವೆ. ಫೈಲ್ ಮ್ಯಾನೇಜರಿನಲ್ಲಿ ‘ಅಡಗಿದ ಕಡತ ತೋರಿಸು’ ಆಯ್ಕೆ ಹಾಕಿದರೆ ಕಾಣುತ್ತದೆ, ಹೆಸರು ಬದಲಿಸಿದರೆ ನುಡಿಯುತ್ತದೆ.

ಐಕ್ಲೌಡ್ ಇದೆಯಲ್ಲ ಎಂದು ನೆಮ್ಮದಿಯಾಗಿರುವವರು ಒಂದು ಗಮನಿಸಬೇಕು: ಸಿಂಕ್ ಎಂದರೆ ಬ್ಯಾಕಪ್ ಅಲ್ಲ. ಐಫೋನಿನಲ್ಲಿ ಅಳಿಸಿದ್ದು ಅದೇ ಖಾತೆಯ ಐಪ್ಯಾಡಿನಲ್ಲೂ ಅಳಿಯುತ್ತದೆ. ಐಪ್ಯಾಡ್ ಇನ್ನೂ ಇಂಟರ್‌ನೆಟ್ಟಿಗೆ ಜೋಡಿಕೊಂಡಿಲ್ಲದಿದ್ದರೆ ಅದನ್ನು ಹಾಗೆಯೇ ಏರೋಪ್ಲೇನ್ ಮೋಡಿಗೆ ಹಾಕಿ ಕಡತವನ್ನು ಹೊರಗೆ ನಕಲು ಮಾಡಿಕೊಳ್ಳಬಹುದು. ರೆಕಾರ್ಡಿಂಗನ್ನು ಗೆಳೆಯರಿಗೋ ಮಾತಾಡಿದವರಿಗೋ ವಾಟ್ಸಾಪ್‌ನಲ್ಲಿ ಕಳಿಸಿದ್ದು ನೆನಪಿದ್ದರೆ ಮೊದಲು ಆ ಚಾಟ್ ತೆರೆಯಬೇಕು. ಚಾಟ್ ಅಳಿಸಿದ್ದರೂ ಆಂಡ್ರಾಯ್ಡ್ ಫೋನಿನ `WhatsApp Audio` ಅಥವಾ `WhatsApp Documents` ಫೋಲ್ಡರಿನೊಳಗಿನ `Sent` ಅನ್ನು ಒಮ್ಮೆ ನೋಡಬೇಕು. ಅಲ್ಲಿಯೂ ಇಲ್ಲವೆಂದರೆ ಅತ್ತ ಕಡೆಯವರಿಗೆ ಫೋನ್ ಹಚ್ಚುವುದೇ ದಾರಿ.