ಕಲಸಿದರೂ ಕೈಬಿಡದ ರಾಣಿ

ಪ್ರೇಕ್ಷಕರೊಬ್ಬರು ಆಟೀನ್ ರಾಣಿಯನ್ನು ಆರಿಸಿಕೊಂಡರು ಎನ್ನೋಣ. ಜಾದೂಗಾರ ಇಸ್ಪೀಟಿನ ಅರ್ಧ ಕಟ್ಟನ್ನು ಎಡಗೈಯಲ್ಲಿ ಚಾಚಿ, ಅದರ ಮೇಲೆ ರಾಣಿಯನ್ನು ಕವುಚಿ ಇಡಿಸುತ್ತಾನೆ. ಉಳಿದರ್ಧ ಬಲಗೈಯಲ್ಲಿದೆ. ಅದನ್ನು ರಾಣಿಯ ಮೇಲೆ ಕಲಸಿ ಮುಗಿಸಿದರೂ ರಾಣಿ ಕಟ್ಟಿನ ತುದಿಗೇ ಬರುತ್ತಾಳೆ. ಹೇಗೆ?

ಗುಟ್ಟು ಇರುವುದು ಮೊದಲ ಎಲೆಯಲ್ಲಿ. ಬಲಗೈಯ ಕಟ್ಟಿನಿಂದ ಎಡ ಹೆಬ್ಬೆರಳು ಒಂದೇ ಒಂದು ಎಲೆಯನ್ನು ರಾಣಿಯ ಮೇಲೆ ಎಳೆದುಕೊಳ್ಳುತ್ತದೆ. ಆಗ ಬಲಗೈ ತುಸು ಮೈಯತ್ತ ಸರಿದಿರುವುದರಿಂದ ಆ ಎಲೆ ಅರ್ಧ ಸೆಂಟಿಮೀಟರಿನಷ್ಟು ಹೊರಚಾಚಿ ನಿಲ್ಲುತ್ತದೆ. ಮಿಕ್ಕ ಎಲೆಗಳನ್ನು ಅದರ ಮೇಲೆ ಸ್ವಲ್ಪ ಅಂಕುಡೊಂಕಾಗಿಯೇ ಉದುರಿಸಬೇಕು; ಆಗ ಚಾಚಿದ ಎಲೆ ಎದ್ದು ಕಾಣುವುದಿಲ್ಲ.

ಈಗ ಬಲ ಹೆಬ್ಬೆರಳಿನಿಂದ ಆ ಗುರುತಿನ ಎಲೆಯನ್ನು ಮೇಲಕ್ಕೊತ್ತಿದರೆ ಅದರ ಕೆಳಗೆ ಸಂದು ಮೂಡುತ್ತದೆ. ಸಂದಿನ ಕೆಳಗಿರುವ ಅಷ್ಟೂ ಎಲೆಗಳನ್ನು ಹೊರಗೆಳೆದು, ಬಿಡಿಸದೆ ಒಟ್ಟಾಗಿ ಮೇಲಿಟ್ಟರೆ ಮುಗಿಯಿತು. ಆ ಗುಂಪಿನ ಮೊದಲ ಎಲೆಯೇ ರಾಣಿ. 1902ರಲ್ಲಿ ಎರ್ಡ್ನೇಸ್ ಎಂಬ ಹೆಸರಿನಲ್ಲಿ ಪ್ರಕಟವಾದ ಇಸ್ಪೀಟು ಕೈಚಳಕದ ಪುಸ್ತಕದಲ್ಲೂ ಇಂಥ ಗುರುತೆಲೆಯ ವಿಧಾನಗಳಿವೆ.

ತಪ್ಪುವುದು ಸಾಮಾನ್ಯವಾಗಿ ಎರಡು ಕಡೆ. ಮೊದಲು ಎರಡು ಎಲೆ ಒಟ್ಟಿಗೆ ಬಂದು, ಮೇಲಿನದಷ್ಟೇ ಚಾಚಿಕೊಂಡರೆ ರಾಣಿಯ ಮೇಲೊಂದು ಅನ್ಯ ಎಲೆ ಉಳಿಯುತ್ತದೆ. ಗುರುತಿನ ಎಲೆಯ ಬಳಿ ಕೈ ತಡವರಿಸಿದರೆ ಪ್ರೇಕ್ಷಕರ ಕಣ್ಣು ಅಲ್ಲೇ ನೆಡುತ್ತದೆ. ಅಭ್ಯಾಸದಲ್ಲಿ ರಾಣಿಯ ಮುಖ ಮೇಲೆ ಮಾಡಿಟ್ಟು ಕಲಸಿ ನೋಡಿ. ಎಡವಿದ್ದು ಕೂಡಲೇ ತಿಳಿಯುತ್ತದೆ.